ನಾಮಫಲಕ: ಅಡಿಯ ಲೆಕ್ಕ, ಅಕ್ಷರದ ಲೆಕ್ಕ

ಅಂಗಡಿಯ ಹೆಸರು ಬರೆಸಲು ಹೋದವರನ್ನು ಬೋರ್ಡು ಬರೆಯುವವನು ಮೊದಲು ಕೇಳುತ್ತಿದ್ದ ಮಾತು, "ಎಷ್ಟು ಅಡಿ?" ಎಂಬುದು. ನಮ್ಮ ದೇಶದಲ್ಲಿ 1956ರ ತೂಕ ಮತ್ತು ಅಳತೆಗಳ ಕಾಯಿದೆ ಬಂದ ಮೇಲೆ ಬಣ್ಣದ ಡಬ್ಬಿ ಲೀಟರಿಗೆ ತಿರುಗಿತು. ಹಲಗೆ ಮಾತ್ರ ಅಡಿಯಲ್ಲೇ ಉಳಿಯಿತು. ಈ ಎರಡನ್ನೂ ಕೂಡಿಸಲು ಸುಲಭವಾದ ಸೂತ್ರವೊಂದಿದೆ: ಒಂದು ಲೀಟರು ಎನಾಮೆಲ್ ಬಣ್ಣ ಸುಮಾರು ನೂರು ಚದರಡಿಗೆ ಒಂದು ಕೋಟು ಬರುತ್ತದೆ.

ಎಂಟಡಿ ಉದ್ದ, ಮೂರಡಿ ಎತ್ತರದ ತಗಡಿನ ಮೇಲೆ "ಶ್ರೀ ಮಂಜುನಾಥ ಸ್ಟೋರ್ಸ್" ಎಂದು ಬರೆಸುತ್ತೀರೆಂದು ಇಟ್ಟುಕೊಳ್ಳಿ. ಅದು 24 ಚದರಡಿ. ತುಕ್ಕು ಹಿಡಿಯದಂತೆ ಹಿಂದೆ ಮುಂದೆ ರೆಡ್ ಆಕ್ಸೈಡ್, ಮುಂದುಗಡೆ ಎರಡು ಕೋಟು ಎನಾಮೆಲ್. ಎರಡೂ ಸುಮಾರು ಅರ್ಧರ್ಧ ಲೀಟರು. ಅಕ್ಷರಗಳ ಬಣ್ಣ, ಟರ್ಪೆಂಟೈನು, ಉಪ್ಪುಕಾಗದ ಎಲ್ಲ ಸೇರಿ 500 ರೂಪಾಯಿ ಎನ್ನೋಣ. ಕೋಟು ಒಣಗುವ ಬಿಡುವನ್ನು ಬಿಟ್ಟು ಎರಡು ದಿನದ ಕೆಲಸ. ದಿನಕ್ಕೆ 1100ರಂತೆ ಕೂಲಿ 2200. ಒಟ್ಟು 2700, ಚದರಡಿಗೆ ಸುಮಾರು 112 ರೂಪಾಯಿ. ಇದರಲ್ಲಿ ಬಣ್ಣದ ಪಾಲು ಐದರಲ್ಲೊಂದೂ ಇಲ್ಲವೆಂಬುದನ್ನು ಗಮನಿಸಿ.

ಅದೇ ಹೆಸರನ್ನು ನಾಲ್ಕಡಿ ಉದ್ದ, ಒಂದೂವರೆ ಅಡಿ ಎತ್ತರದ ಹಲಗೆಯಲ್ಲಿ ಬರೆಸಿದರೆ ಆರು ಚದರಡಿ ಮಾತ್ರ. ಅಡಿಯ ದರದಂತೆ 675 ರೂಪಾಯಿ ಆಗುತ್ತದೆ. ಬಣ್ಣ ಕಾಲುಭಾಗಕ್ಕೆ ಇಳಿಯಿತು ನಿಜ. ಆದರೆ ಅಕ್ಷರಗಳು ಏಳಕ್ಕೆ ಏಳೇ. ಸೀಮೆಸುಣ್ಣದಲ್ಲಿ ಗೆರೆ ಹಾಕಿ, ಹೆಸರನ್ನು ಹರಡಿ, ಕುಂಚದಿಂದ ಅಂಚು ತೀಡುವ ಶ್ರಮ ಅಷ್ಟೇನೂ ಕಡಿಮೆಯಾಗದು. ಆದ್ದರಿಂದಲೇ ಅನುಭವಿಗಳು ಚಿಕ್ಕ ಹಲಗೆಗೆ ಇಂತಿಷ್ಟೆಂದು ಕನಿಷ್ಠ ಬೆಲೆ ಇಟ್ಟರು. ಅಕ್ಷರಕ್ಕೆ ನೆರಳು ಕೊಡುವುದಾದರೆ ಬೇರೆಯೇ ಹೇಳಿದರು.

ಕನ್ನಡಕ್ಕೆ ಇನ್ನೊಂದು ಲೆಕ್ಕವೂ ಉಂಟು. "ಸ್ಟೋ" ಎಂಬುದರ ಒತ್ತಿಗಾಗಿ ಇಡೀ ಸಾಲಿನ ಕೆಳಗೆ ಜಾಗ ಬಿಡಬೇಕು. ಹಾಗೆ ಬಿಡದವನ ಹಲಗೆಯಲ್ಲಿ ಒತ್ತುಗಳು ಕುಗ್ಗಿ, ಚೌಕಟ್ಟಿಗೆ ಅಂಟಿಕೊಂಡಿರುತ್ತವೆ. ಇದನ್ನು ನೀವು ದೂರದಿಂದಲೇ ಗುರುತಿಸಬಹುದು.

ಗೋಡೆಯ ಮೇಲಿನ ಚಿತ್ರಕ್ಕಾದರೆ ದರ ಹೇಳುವ ಮುನ್ನ ಗೋಡೆಯನ್ನು ಅಂಗೈಯಿಂದ ಒರೆಸಿ ನೋಡಬೇಕು. ಸುಣ್ಣದ ಪುಡಿ ಕೈಗೆ ಹತ್ತಿದರೆ ಕೆರೆದು ಪ್ರೈಮರ್ ಹಾಕುವ ಖರ್ಚು ಸೇರುತ್ತದೆ. ಒದ್ದೆ ಗೋಡೆಯಾದರೆ ಕೆಲಸವನ್ನೇ ಮುಂದೂಡಬೇಕು. ಎಣ್ಣೆಬಣ್ಣ ಗುಳ್ಳೆಯೆದ್ದು ಹೆಕ್ಕಳಿಕೆಯಾಗಿ ಉದುರುತ್ತದೆ.

ಮುಂದೆ ಯಂತ್ರದಲ್ಲಿ ಅಚ್ಚಾಗುವ ಫ್ಲೆಕ್ಸ್ ಬಂದಿತು. ಅದಕ್ಕೂ ಚದರಡಿಯೇ ದರ. ಆದರೆ ಏಳು ಅಕ್ಷರವಾದರೂ ಎಪ್ಪತ್ತಾದರೂ ಯಂತ್ರಕ್ಕೆ ಒಂದೇ. ಕೈಬರಹದವನು ಸೋತದ್ದು ಬಣ್ಣದ ಬೆಲೆಯಲ್ಲಲ್ಲ, ಈ ಅಕ್ಷರದ ಲೆಕ್ಕದಲ್ಲಿ. 2018ರ ಆಗಸ್ಟಿನಲ್ಲಿ ಹೈಕೋರ್ಟಿನ ಆದೇಶದಂತೆ ಬೆಂಗಳೂರಿನ ಬೀದಿಗಳಿಂದ ಫ್ಲೆಕ್ಸ್‌ಗಳನ್ನು ಇಳಿಸಿದರು. ಆದರೆ ಅಷ್ಟರಲ್ಲಿ ಬೋರ್ಡು ಬರೆಯುವ ಅನೇಕರು ಕುಂಚ ಕೆಳಗಿಟ್ಟಾಗಿತ್ತು.