ಹಿಪ್ಪರಗಿ, ಜತ್ತ ಮತ್ತು ಡೀಸೆಲ್‌ನ ಐದು ರೂಪಾಯಿ

ಹಿಪ್ಪರಗಿ ಬ್ಯಾರೇಜ್ ದಾಟಿ ಅಥಣಿ ಮೇಲೆ ಹೋದರೆ ಮುಂದೆ ಜತ್ತ, ಅಂದ್ರೆ ಮಹಾರಾಷ್ಟ್ರ. ಕಬ್ಬಿನ ಸೀಸನ್‌ನಲ್ಲಿ ಈ ಭಾಗದಲ್ಲಿ ಓಡಾಡಿದವರಿಗೆ ಗೊತ್ತು, ಎಲ್ಲಿ ಡೀಸೆಲ್ ತುಂಬಿಸಬೇಕು ಅನ್ನೋದು ಇಲ್ಲಿ ದೊಡ್ಡ ಚರ್ಚೆಯ ವಿಷಯ. 2024ರ ಜೂನ್‌ವರೆಗೆ ಉತ್ತರ ಸರಳವಿತ್ತು: ಕರ್ನಾಟಕದಲ್ಲಿ ತುಂಬಿಸು. ಈಗ ಆ ಮಾತು ಕೇಳಿಸೋದಿಲ್ಲ. ಯಾಕೆ ಅನ್ನೋದಕ್ಕೆ ಲೆಕ್ಕವನ್ನೇ ಬಿಡಿಸಿ ನೋಡೋಣ.

ಪೆಟ್ರೋಲ್, ಡೀಸೆಲ್ ಜಿಎಸ್‌ಟಿ ಒಳಗೆ ಬಂದಿಲ್ಲ. ತೈಲ ಕಂಪನಿಯ ದರ, ಅದರೊಳಗೇ ಸೇರಿರುವ ಸಾಗಣೆ ವೆಚ್ಚ, ಕೇಂದ್ರದ ಅಬಕಾರಿ ಸುಂಕ, ಬಂಕ್ ಮಾಲೀಕರ ಕಮಿಷನ್, ಇಷ್ಟು ಸೇರಿದ ಮೇಲೆ ರಾಜ್ಯದ ತೆರಿಗೆ ಬೀಳುತ್ತದೆ. ಕೇಂದ್ರದ ಸುಂಕ ಲೀಟರಿಗೆ ಇಂತಿಷ್ಟು ರೂಪಾಯಿ ಅಂತ ದೇಶಕ್ಕೆಲ್ಲ ಒಂದೇ. ಕರ್ನಾಟಕದ್ದು ಮಾತ್ರ ಶೇಕಡಾವಾರು. ಹೆಸರಿಗೆ ಮಾರಾಟ ತೆರಿಗೆ.

2025ರ ಏಪ್ರಿಲ್ 1ರಂದು ಬೆಂಗಳೂರಿನಲ್ಲಿ ಡೀಸೆಲ್ ಸುಮಾರು 91 ರೂಪಾಯಿ ಆಯ್ತು. ಅದರಲ್ಲಿ ರಾಜ್ಯ ತೆರಿಗೆ ಬಿಟ್ಟರೆ ಉಳಿಯುವುದು ಸುಮಾರು 75 ರೂಪಾಯಿ 13 ಪೈಸೆ. ಈ ಮೊತ್ತವನ್ನು ಹಾಗೇ ಹಿಡಿದಿಟ್ಟು ತೆರಿಗೆಯನ್ನಷ್ಟೇ ಬದಲಾಯಿಸಿ ನೋಡಿ. 2024ರ ಜೂನ್ 15ಕ್ಕೆ ಮೊದಲು ನಮ್ಮ ತೆರಿಗೆ ಶೇ. 14.34 ಇತ್ತು, ಆ ಲೆಕ್ಕದಲ್ಲಿ ಲೀಟರಿಗೆ 85.90. ಅಂದು ಅದನ್ನು ಶೇ. 18.44 ಮಾಡಿದರು, 88.98 ಆಯ್ತು. 2025ರ ಏಪ್ರಿಲ್‌ನಲ್ಲಿ ಶೇ. 21.17ಕ್ಕೆ ಏರಿಸಿದರು, 91.04. ಮಹಾರಾಷ್ಟ್ರದಲ್ಲಿ ಡೀಸೆಲ್ ಮೇಲಿನ ವ್ಯಾಟ್ ಶೇ. 21. ಅದೇ 75.13ರ ಮೇಲೆ ಹಾಕಿದರೆ 90.91.

ಅಂದ್ರೆ ಲೀಟರಿಗೆ ಐದು ರೂಪಾಯಿ ಇದ್ದ ಅಂತರ 13 ಪೈಸೆಗೆ ಇಳಿದು, ಅದೂ ಉಲ್ಟಾ ಆಗಿದೆ. 200 ಲೀಟರ್ ಹಿಡಿಯುವ ಲಾರಿಗೆ ಮೊದಲು ಈ ಕಡೆ ತುಂಬಿಸಿದರೆ ಸಾವಿರ ರೂಪಾಯಿ ಉಳಿಯುತ್ತಿತ್ತು. ಈಗ ಸುಮಾರು 26 ರೂಪಾಯಿ ಹೆಚ್ಚು ಕೊಡಬೇಕು. ಮಹಾರಾಷ್ಟ್ರದ ಲಾರಿಯವರಿಗೆ ಗಡಿಯ ಈಚೆ ಟ್ಯಾಂಕ್ ತುಂಬಿಸಿಕೊಳ್ಳಲು ಇದ್ದ ಕಾರಣವೇ ಹೋಯ್ತು. ತೆರಿಗೆ ಏರಿಸಿದಾಗಲೆಲ್ಲ ಸರ್ಕಾರ ಪಕ್ಕದ ರಾಜ್ಯಗಳ ದರಪಟ್ಟಿ ತೋರಿಸಿತು. ಬೆಂಗಳೂರಿನಲ್ಲಿ ಕೂತವರಿಗೆ ಅದೊಂದು ಪಟ್ಟಿ ಅಷ್ಟೇ. ಹಿಪ್ಪರಗಿಗೆ ಪಕ್ಕದ ರಾಜ್ಯ ಅಂದ್ರೆ ನಿಜಕ್ಕೂ ಪಕ್ಕದ್ದು.

ಪೆಟ್ರೋಲ್ ಕಥೆ ಬೇರೆ. ಮಹಾರಾಷ್ಟ್ರದವರು ಶೇ. 25 ವ್ಯಾಟ್ ಜೊತೆಗೆ ಲೀಟರಿಗೆ 5 ರೂಪಾಯಿ 12 ಪೈಸೆ ಪ್ರತ್ಯೇಕವಾಗಿ ಹಾಕುತ್ತಾರೆ. ನಮ್ಮದು ಶೇ. 29.84. ತೆರಿಗೆಗೆ ಮುಂಚಿನ ದರ 79.30 ಅಂತ ಇಟ್ಟುಕೊಂಡರೆ ಅಲ್ಲಿ 104.25, ಇಲ್ಲಿ 102.96. ಹಾಗಾಗಿ ಬೈಕ್‌ನವರಿಗೆ ಇನ್ನೂ ಕರ್ನಾಟಕವೇ ಅಗ್ಗ, ಟ್ರ್ಯಾಕ್ಟರ್‌ನವರಿಗೆ ಆ ಲಾಭ ಇಲ್ಲ. ಶೇಕಡಾ ದೊಡ್ಡದಿರುವ ಕಡೆ ದರವೂ ದೊಡ್ಡದಿರಬೇಕು ಅಂತ ಅಂದುಕೊಂಡರೆ ಇಲ್ಲೇ ಎಡವುತ್ತೇವೆ. ಶೇಕಡಾದ ಪಕ್ಕ ಲೀಟರ್ ಲೆಕ್ಕದ ಬಾಲ ಏನಾದರೂ ಇದೆಯಾ ಅಂತ ಮೊದಲು ನೋಡಬೇಕು.

ಇನ್ನು ಒಂದೇ ರಾಜ್ಯದೊಳಗೆ ಊರಿಂದೂರಿಗೆ ಇರುವ ವ್ಯತ್ಯಾಸ. ಕರ್ನಾಟಕದ ದರಪಟ್ಟಿಯಲ್ಲಿ ದಕ್ಷಿಣ ಕನ್ನಡ ಸಾಮಾನ್ಯವಾಗಿ ಕೆಳಗಿರುತ್ತದೆ, ಏಕೆಂದರೆ ಸಂಸ್ಕರಣಾಗಾರವೂ ಬಂದರೂ ಮಂಗಳೂರಲ್ಲೇ ಇವೆ. ಅಲ್ಲಿಂದ ಹಾಸನದ ಮೂಲಕ ಬೆಂಗಳೂರಿಗೆ ಪೈಪ್‌ಲೈನ್ ಇದೆ. ಪೈಪ್‌ಲೈನ್ ತಲುಪದ ಕಡೆಗೆ ಡಿಪೋದಿಂದ ಟ್ಯಾಂಕರ್‌ನಲ್ಲೇ ಬರಬೇಕು. 12,000 ಲೀಟರ್‌ನ ಟ್ಯಾಂಕರ್‌ಗೆ ಹೆಚ್ಚುವರಿ ಬಾಡಿಗೆ 6,000 ರೂಪಾಯಿ ಅಂತ ಇಟ್ಟುಕೊಳ್ಳಿ. ಲೀಟರಿಗೆ 50 ಪೈಸೆ ಆಯ್ತು. ಆದರೆ ತೆರಿಗೆ ಈ ಬಾಡಿಗೆಯ ಮೇಲೂ ಬೀಳುವುದರಿಂದ ಡೀಸೆಲ್ ಮೇಲೆ ಅದು ಸುಮಾರು 61 ಪೈಸೆ ಆಗುತ್ತದೆ. ದೂರದ ಊರಿನವರು ದೂರಕ್ಕೆ ಬಾಡಿಗೆ ಕೊಟ್ಟು, ಆ ಬಾಡಿಗೆಗೆ ತೆರಿಗೆಯನ್ನೂ ಕೊಡುತ್ತಾರೆ. ನನಗೆ ಇದು ನ್ಯಾಯ ಅನ್ನಿಸುವುದಿಲ್ಲ. 2024ರ ಅಕ್ಟೋಬರ್ ಕೊನೆಯಲ್ಲಿ ತೈಲ ಕಂಪನಿಗಳು ರಾಜ್ಯದೊಳಗಿನ ಸಾಗಣೆ ವೆಚ್ಚವನ್ನು ಮರುಹೊಂದಿಸಿ ದೂರದ ಊರುಗಳಲ್ಲಿ ಒಂದಿಷ್ಟು ಇಳಿಸಿದವು. ಆದರೂ ಸಾಗಣೆಯ ಆಟ ನಡೆಯೋದು ಪೈಸೆಗಳಲ್ಲಿ, ಹೆಚ್ಚೆಂದರೆ ಒಂದೆರಡು ರೂಪಾಯಿಗಳಲ್ಲಿ. ಐದು ರೂಪಾಯಿ ಅಂತರ ಎಲ್ಲಾದರೂ ಕಂಡರೆ ಟ್ಯಾಂಕರ್ ಬಿಡಿ, ತೆರಿಗೆ ಆದೇಶ ಹುಡುಕಿ.

ಒಂದು ಎಚ್ಚರಿಕೆ. ಆ್ಯಪ್‌ಗಳಲ್ಲಿ 'ಬಾಗಲಕೋಟೆ' ಅಂತ ಕಾಣುವ ದರವೇ ನಿಮ್ಮ ಬಂಕ್‌ನ ದರ ಆಗಿರಬೇಕಿಲ್ಲ. ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿ ಎಲ್ಲ ಒಂದೇ ಜಿಲ್ಲೆ, ಆದರೂ ಡಿಪೋ ದೂರ ಮತ್ತು ಕಂಪನಿ ಬದಲಾದರೆ ಪೈಸೆಗಳೂ ಬದಲಾಗುತ್ತವೆ. 2017ರ ಜೂನ್ 16ರಿಂದ ದರ ದಿನವೂ ಬದಲಾಗಬಹುದು, ಬೆಳಿಗ್ಗೆ 6ಕ್ಕೆ ಹೊಸದು ಜಾರಿ. ಇಂಡಿಯನ್ ಆಯಿಲ್ ಬಂಕ್ ಆದರೆ ಅಲ್ಲಿ ಬರೆದಿರುವ ಡೀಲರ್ ಕೋಡ್ ನೋಡಿಕೊಂಡು, `RSP` ಅಂತ ಬರೆದು ಜಾಗ ಬಿಟ್ಟು ಆ ಕೋಡ್ ಸೇರಿಸಿ 9224992249ಕ್ಕೆ ಎಸ್ಎಂಎಸ್ ಮಾಡಿದರೆ ಆ ಬಂಕ್‌ನದೇ ದರ ಬರುತ್ತದೆ.