ಲೆಕ್ಕಪುಸ್ತಕದಲ್ಲಿ ಸಾಲ, ಕೋರ್ಟಿನಲ್ಲಿ ಷೇರು

ಆದ್ಯತಾ ಷೇರು ಬಂಡವಾಳವೋ ಸಾಲವೋ ಎಂಬ ಪ್ರಶ್ನೆ ಬಹುಕಾಲ ಯಾರನ್ನೂ ಕಾಡಲಿಲ್ಲ. ಕಾಯ್ದೆ ಅದನ್ನು ಷೇರು ಎಂದಿತ್ತು, ಲೆಕ್ಕಿಗರು ಹಾಗೆಯೇ ಬರೆದುಕೊಂಡರು. ಅಮೆರಿಕದ ಷೇರುಪೇಟೆ ನಿಯಂತ್ರಕ ಸಂಸ್ಥೆ ಎಸ್‌ಇಸಿ 1979ರಲ್ಲಿ, ಮರಳಿಸಲೇಬೇಕಾದ ಆದ್ಯತಾ ಷೇರುಗಳನ್ನು ಈಕ್ವಿಟಿಯ ಮೊತ್ತದೊಳಗೆ ಸೇರಿಸಕೂಡದು ಎಂದಿತು. ಸಾಲದ ಪಟ್ಟಿಗೂ ಸೇರಿಸದೆ ನಡುವೆ ಕೂರಿಸಿದ್ದು ಅರೆಮನಸ್ಸಿನ ಪರಿಹಾರ. ಪ್ರಶ್ನೆಯನ್ನು ನೇರವಾಗಿ ಎದುರಿಸಿದ್ದು 1995ರ ಅಂತರರಾಷ್ಟ್ರೀಯ ಮಾನದಂಡ ಐಎಎಸ್ 32. ಹಣ ಕೊಡುವುದನ್ನು ತಪ್ಪಿಸಿಕೊಳ್ಳುವ ಹಕ್ಕು ಕಂಪನಿಗೆ ಇದೆಯೇ? ಇಲ್ಲದಿದ್ದರೆ ಅದು ಸಾಲ.

ಭಾರತಕ್ಕೆ ಈ ಪರೀಕ್ಷೆ ಬಂದದ್ದು ಇಂಡ್ ಎಎಸ್ 32 ಆಗಿ, ದೊಡ್ಡ ಕಂಪನಿಗಳಿಗೆ 2016ರ ಏಪ್ರಿಲ್‌ನಿಂದ. ಇಲ್ಲಿ ಅದರ ಹೊಡೆತ ಜೋರು. ಏಕೆಂದರೆ ಎಂದೂ ಮರಳಿಸಬೇಕಿಲ್ಲದ ಆದ್ಯತಾ ಷೇರುಗಳನ್ನು ನಮ್ಮ ಕಾನೂನು 1988ರಲ್ಲೇ ನಿಷೇಧಿಸಿತ್ತು. ಈಗ ಸಾಮಾನ್ಯವಾಗಿ 20 ವರ್ಷದೊಳಗೆ ಮರುಪಾವತಿ ಆಗಲೇಬೇಕು. ಹಾಗಾಗಿ ಪೂರ್ತಿ ಈಕ್ವಿಟಿಯಾಗಿ ಉಳಿಯುವವು ಮುಖ್ಯವಾಗಿ, ನಿಗದಿತ ಸಂಖ್ಯೆಯ ಸಾಮಾನ್ಯ ಷೇರುಗಳಾಗಿ ಕಡ್ಡಾಯವಾಗಿ ಬದಲಾಗುವ ಆದ್ಯತಾ ಷೇರುಗಳು.

ಲಾಭಾಂಶದ ಷರತ್ತು ಇನ್ನೊಂದು ತಿರುವು ಕೊಡುತ್ತದೆ. ಕಂಪನಿಯೊಂದು 100 ಕೋಟಿ ರೂಪಾಯಿಯ ಷೇರು ನೀಡಿ, 5 ವರ್ಷಕ್ಕೆ ಅಷ್ಟನ್ನೇ ಮರಳಿಸುತ್ತದೆ ಎನ್ನಿ. ಲಾಭಾಂಶ ಕೊಡುವುದು ಬಿಡುವುದು ಅದರ ಇಷ್ಟ. ಪೇಟೆಯ ಬಡ್ಡಿ ಶೇ. 10 ಆದರೆ, ಆ ನೂರು ಕೋಟಿಯ ಇಂದಿನ ಬೆಲೆ ಸುಮಾರು 62 ಕೋಟಿ. ಅಷ್ಟು ಸಾಲ, ಉಳಿದ 38 ಕೋಟಿ ಈಕ್ವಿಟಿ. ಒಂದು ರೂಪಾಯಿಯೂ ಕೈಬಿಡದಿದ್ದರೂ ಮೊದಲ ವರ್ಷವೇ ಸುಮಾರು 6.2 ಕೋಟಿ ಬಡ್ಡಿ ವೆಚ್ಚ ಬರೆಯಬೇಕು. ಬದಲಿಗೆ, ಕೊಡದೆ ಉಳಿದ ಲಾಭಾಂಶ ಮರುಪಾವತಿಯ ಮೊತ್ತಕ್ಕೆ ಸೇರುತ್ತದೆ ಎಂಬ ಷರತ್ತಿದ್ದರೆ ಇಡೀ ಷೇರೇ ಸಾಲ, ಲಾಭಾಂಶವೇ ಬಡ್ಡಿ. ವಾರ್ಷಿಕ ವರದಿಯಲ್ಲಿ ಲಾಭಾಂಶದ ಬದಲು ಹಣಕಾಸು ವೆಚ್ಚ ಏರಿದ್ದರೆ ಕಾರಣ ಇದಿರಬಹುದು.

ಇಷ್ಟಾದರೂ ಲೆಕ್ಕದ ಸಾಲ ಕಾನೂನಿನ ಸಾಲವಾಗುವುದಿಲ್ಲ. ಮ್ಯಾಟಿಕ್ಸ್ ಫರ್ಟಿಲೈಸರ್ಸ್ ತನ್ನ ಗುತ್ತಿಗೆದಾರ ಕಂಪನಿ ಇಪಿಸಿ ಕನ್‌ಸ್ಟ್ರಕ್ಷನ್ಸ್‌ಗೆ ಬಾಕಿ ಹಣದ ಬದಲು 250 ಕೋಟಿಯ ಶೇ. 8ರ ಆದ್ಯತಾ ಷೇರು ಕೊಟ್ಟಿತ್ತು. ಗಡುವಿಗೆ ಹಣ ಬರಲಿಲ್ಲ. ಇಪಿಸಿ ಪರವಾಗಿ ದಿವಾಳಿ ಅರ್ಜಿ ಹೋಯಿತು. 2025ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ಒಪ್ಪಲಿಲ್ಲ: ಲೆಕ್ಕಪುಸ್ತಕ ಏನೇ ಹೇಳಲಿ, ಷೇರುದಾರ ಸಾಲ ಕೊಟ್ಟವನಾಗುವುದಿಲ್ಲ. ಮರುಪಾವತಿಯನ್ನು ಲಾಭದಿಂದ ಅಥವಾ ಹೊಸ ಷೇರಿನ ಹಣದಿಂದಷ್ಟೇ ಮಾಡಬಹುದು. ಎರಡೂ ಇಲ್ಲದಾಗ ಹಣ ಮರಳಿಸದಿದ್ದರೆ ಅದು ಸುಸ್ತಿಯೇ ಅಲ್ಲ.

ತೀರ್ಪು ಕಾನೂನಿಗೆ ಸರಿ, ಆದರೆ ಬಾಕಿಯನ್ನು ಷೇರಾಗಿ ಬದಲಿಸಿಕೊಂಡವರಿಗೆ ಕಹಿ. ಅವರಿಗೆ ಉಳಿಯುವುದು ಎರಡು ವರ್ಷ ಲಾಭಾಂಶ ಸಿಗದಿದ್ದರೆ ಬರುವ ಮತದಾನದ ಹಕ್ಕು. ಇನ್ನೊಂದೆಡೆ, ಮುಕ್ಕಾಲು ಮೌಲ್ಯದ ಆದ್ಯತಾ ಷೇರುದಾರರು ಒಪ್ಪಿ ನ್ಯಾಯಮಂಡಳಿ ಅನುಮತಿಸಿದರೆ, ಕಂಪನಿ ಹಣದ ಬದಲು ಬಾಕಿ ಲಾಭಾಂಶ ಸಮೇತ ಹೊಸ ಆದ್ಯತಾ ಷೇರುಗಳನ್ನೇ ಕೊಡಬಹುದು.