ಹತ್ತು, ಇಪ್ಪತ್ತು, ಮೂವತ್ತು, ಎಂಬತ್ತು: ಒಂದು ಪಕಾರದ ನಾಲ್ಕು ಗತಿಗಳು

ಕನ್ನಡದ ಎಣಿಕೆಯಲ್ಲಿ ಹತ್ತು ಎಂಬ ಪದ ಒಂಟಿಯಾಗಿ ನಿಂತಾಗ ಹಕಾರದಿಂದ ಆರಂಭವಾಗುತ್ತದೆ. ಇಪ್ಪತ್ತು, ಎಪ್ಪತ್ತುಗಳಲ್ಲಿ ಅದೇ ಪದ ಇಮ್ಮಡಿ ಪಕಾರವಾಗಿ ಕೇಳಿಸುತ್ತದೆ. ಮೂವತ್ತು, ನಲವತ್ತು, ಐವತ್ತು, ಅರವತ್ತುಗಳಲ್ಲಿ ವಕಾರವಾಗಿಯೂ ಎಂಬತ್ತು, ತೊಂಬತ್ತುಗಳಲ್ಲಿ ಬಕಾರವಾಗಿಯೂ ತೋರುತ್ತದೆ. ಮಗ್ಗಿ ಕಲಿಯುವ ಮಗುವಿಗೂ ಬಾಯಿಪಾಠವಾಗಿರುವ ಈ ಸಾಲಿನಲ್ಲಿ ಒಂದೇ ಧ್ವನಿಯ ನಾಲ್ಕು ಬಗೆಯ ಇತಿಹಾಸ ಅಡಗಿದೆ. ಹಳಗನ್ನಡದಲ್ಲಿ ಈ ಪದ ಪತ್ತು. ತಮಿಳು, ಮಲಯಾಳಗಳಲ್ಲಿ ಇಂದಿಗೂ ಪಕಾರವೇ ಇದೆ; ತೆಲುಗಿನ ಪದಿ, ತುಳುವಿನ ಪತ್ತ್ ಎಂಬ ರೂಪಗಳೂ ಅದನ್ನೇ ಉಳಿಸಿಕೊಂಡಿವೆ.

ಧ್ವನಿಗಳು ಬದಲಾಗುವ ದಿಕ್ಕುಗಳನ್ನು ಭಾಷಾವಿಜ್ಞಾನವು ಸ್ಥೂಲವಾಗಿ ಎರಡೆಂದು ಗುರುತಿಸುತ್ತದೆ. ಉಸಿರಿಗೆ ಬಾಯಿಯಲ್ಲಿ ಒಡ್ಡುವ ತಡೆ ಕಡಿಮೆಯಾಗುತ್ತ ಹೋದರೆ ಅದು ದುರ್ಬಲೀಕರಣ; ತಡೆ ಹೆಚ್ಚಿದರೆ ಪ್ರಬಲೀಕರಣ. ಪಕಾರವನ್ನು ಉಚ್ಚರಿಸುವಾಗ ಎರಡು ತುಟಿಗಳೂ ಪೂರ್ಣವಾಗಿ ಮುಚ್ಚಿಕೊಳ್ಳುತ್ತವೆ. ಆ ಮುಚ್ಚುವಿಕೆ ಸಡಿಲವಾಗಿ ತುಟಿಗಳ ನಡುವೆ ಕಿರಿದಾದ ಸಂದು ಉಳಿದರೆ ಸ್ಪರ್ಶಧ್ವನಿಯು ಘರ್ಷಧ್ವನಿಯಾಗುತ್ತದೆ. ತುಟಿಗಳ ಕೆಲಸವೇ ನಿಂತು ಗಂಟಲಿನ ಉಸಿರು ಮಾತ್ರ ಉಳಿದರೆ ಹಕಾರ. ಆ ಉಸಿರೂ ಇಲ್ಲವಾದರೆ ಲೋಪ. ಸ್ಪರ್ಶದಿಂದ ಘರ್ಷಕ್ಕೆ, ಘರ್ಷದಿಂದ ಹಕಾರಕ್ಕೆ, ಹಕಾರದಿಂದ ಶೂನ್ಯಕ್ಕೆ ಸಾಗುವ ಈ ಇಳಿಜಾರನ್ನು ಕನ್ನಡದ ಪಕಾರ ಬಹುಮಟ್ಟಿಗೆ ಕೊನೆಯವರೆಗೂ ಇಳಿದಿದೆ.

ಆದರೆ ಎಲ್ಲ ಸ್ಥಾನಗಳಲ್ಲೂ ಪಕಾರ ಒಂದೇ ದಾರಿಯನ್ನು ಹಿಡಿಯಲಿಲ್ಲ. ಮೂ ಮತ್ತು ಪತ್ತು ಸೇರಿದಾಗ ಪಕಾರ ಎರಡು ಸ್ವರಗಳ ನಡುವೆ ಸಿಕ್ಕಿಕೊಂಡಿತು. ಸ್ವರಗಳನ್ನು ಉಚ್ಚರಿಸುವಾಗ ಕಂಠದ ತಂತುಗಳು ಕಂಪಿಸುತ್ತಲೇ ಇರುತ್ತವೆ. ಆ ಕಂಪನ ನಡುವಿನ ವ್ಯಂಜನಕ್ಕೂ ಹರಡಿ, ತುಟಿಗಳ ಬಿಗಿತವೂ ಸಡಿಲಗೊಂಡು, ಪಕಾರ ವಕಾರವಾಯಿತು. ಐ, ಅಱು ಎಂಬ ರೂಪಗಳ ಮುಂದೆಯೂ, ಲಕಾರದಿಂದ ಮುಗಿಯುವ ನಾಲ್ ಎಂಬುದರ ಮುಂದೆಯೂ ಹೀಗೆಯೇ ಆಯಿತು. ಎಣ್ ಎಂಬುದರ ಮುಂದೆ ಮಾತ್ರ ಅನುನಾಸಿಕವು ಬಾಯಿಯ ಮುಚ್ಚುವಿಕೆಯನ್ನು ಮೊದಲೇ ಸಿದ್ಧಪಡಿಸಿತ್ತು. ಆದ್ದರಿಂದ ಪಕಾರಕ್ಕೆ ನಾದ ಸೇರಿತಾದರೂ ಸ್ಪರ್ಶ ಕಳೆಯಲಿಲ್ಲ. ಎಣ್ಬತ್ತು, ಮುಂದೆ ಎಂಬತ್ತು ಎಂಬ ರೂಪ ಉಳಿಯಿತು. ಇರ್ಪತ್ತು, ಎೞ್ಪತ್ತುಗಳಲ್ಲಿ ಹಿಂದಿನ ವ್ಯಂಜನವು ಪಕಾರದಲ್ಲಿ ಲೀನವಾಗಿ ದ್ವಿತ್ವವುಂಟಾಯಿತು. ದ್ವಿತ್ವದಲ್ಲಿ ತುಟಿಗಳು ಮುಚ್ಚಿರುವ ಅವಧಿ ಹೆಚ್ಚು. ಅಷ್ಟು ದೀರ್ಘವಾದ ಮುಚ್ಚುವಿಕೆ ಸಡಿಲಗೊಳ್ಳುವುದು ಕಷ್ಟ. ಅಪ್ಪ, ಉಪ್ಪು, ತಪ್ಪುಗಳ ಪಕಾರ ಇಂದಿಗೂ ಅಲುಗದೆ ನಿಂತಿರುವುದು ಇದೇ ಕಾರಣದಿಂದ.

ಹನಿ ಎಂಬ ಪದದಲ್ಲಿಯೂ ಇದೇ ನಡೆ ಕಾಣುತ್ತದೆ. ಹಳಗನ್ನಡದ ಪನಿ ಒಂಟಿಯಾಗಿ ಹನಿಯಾಯಿತು. ಕಣ್ ಎಂಬುದರೊಡನೆ ಸೇರಿ ಕಂಬನಿಯಾಯಿತು, ನೀರ್ ಎಂಬುದರೊಡನೆ ಸೇರಿ ನೀರ್ವನಿಯಾಯಿತು. ಮಳೆಹನಿ ಎಂಬ ಸಮಾಸದಲ್ಲಾದರೋ ಹಕಾರವೇ ಇದೆ. ಅದು ಪದ ಹನಿಯಾದ ಮೇಲೆ ಕೂಡಿಸಿದ ರೂಪ. ಕಂಬನಿ, ನೀರ್ವನಿ, ಮೂವತ್ತುಗಳು ಪಕಾರ ಇನ್ನೂ ಪಕಾರವಾಗಿದ್ದ ಕಾಲದ ಕೂಡಿಕೆಗಳು. ಹೀಗೆ ಸಮಾಸದ ಒಳಗಿನ ಧ್ವನಿಯೇ ಆ ಸಮಾಸದ ವಯಸ್ಸನ್ನು ಹೇಳುತ್ತದೆ. ಸುಮಾರು ಕ್ರಿ. ಶ. 450ರದೆಂದು ಎಣಿಸಲಾಗುವ ಹಲ್ಮಿಡಿ ಶಾಸನದಲ್ಲಿ ಆ ಊರಿನ ಹೆಸರು ಪಕಾರದಿಂದಲೇ ಆರಂಭವಾಗುತ್ತದೆ. ಅದೇ ಶಾಸನದಲ್ಲಿ ಮೂೞಿವಳ್ಳಿ ಎಂದು ಓದಲಾಗಿರುವ ಇನ್ನೊಂದು ಊರ ಹೆಸರಿನ ಉತ್ತರಪದ ಪಳ್ಳಿಯಲ್ಲ, ವಳ್ಳಿ. ಪದಮಧ್ಯದ ಪಕಾರ ಆಗಲೇ ವಕಾರವಾಗಿತ್ತು, ಪದಾದಿಯ ಪಕಾರ ಇನ್ನೂ ಗಟ್ಟಿಯಾಗಿತ್ತು.

ಪದಾದಿಯಲ್ಲಿ ಹಕಾರವುಳ್ಳ ರೂಪಗಳು ಹತ್ತನೆಯ ಶತಮಾನದಿಂದ ಶಾಸನಗಳಲ್ಲಿ ಕಾಣತೊಡಗುತ್ತವೆ. ಹದಿನಾಲ್ಕನೆಯ ಶತಮಾನದ ಹೊತ್ತಿಗೆ ವ್ಯಾಪಕವಾಗುತ್ತವೆ. ಪಾಲು ಹಾಲಾಯಿತು, ಪೂ ಹೂವಾಯಿತು, ಪೋಗು ಹೋಗಾಯಿತು. ಸಂಸ್ಕೃತದಿಂದ ಮೊದಲೇ ಬಂದು ಬಳಕೆಯಲ್ಲಿ ಬೆರೆತಿದ್ದ ಪದಗಳಿಗೂ ಈ ಗತಿ ತಪ್ಪಲಿಲ್ಲ. ಪರ್ವವು ಪಬ್ಬವಾಗಿ ಮುಂದೆ ಹಬ್ಬವಾಯಿತು. ಪುಸ್ತಕವು ಪೊತ್ತಗೆಯಾಗಿ ಮುಂದೆ ಹೊತ್ತಗೆಯಾಯಿತು. ಪುಸ್ತಕ ಎಂಬ ತತ್ಸಮರೂಪವಾದರೋ ಓದುಬಲ್ಲವರ ನಾಲಗೆಯಲ್ಲಿ ಹಾಗೆಯೇ ಉಳಿಯಿತು. ಒಂದೇ ಮೂಲದ ಎರಡು ಪದಗಳು ಇಂದು ಅಕ್ಕಪಕ್ಕದಲ್ಲಿರುವುದಕ್ಕೆ ಕಾರಣವಿದು: ಒಂದು ಬದಲಾವಣೆಯನ್ನು ಹಾದುಬಂದಿದೆ, ಇನ್ನೊಂದು ಅದರ ಹೊರಗೆ ನಿಂತಿದೆ.

ಪಕಾರಕ್ಕೂ ಹಕಾರಕ್ಕೂ ನಡುವಿನ ಘರ್ಷಧ್ವನಿಗೆ ಕನ್ನಡ ಲಿಪಿಯಲ್ಲಿ ಅಕ್ಷರವಿರಲಿಲ್ಲ. ಲಿಪಿಕಾರನ ಮುಂದೆ ಇದ್ದುದು ಎರಡೇ ಆಯ್ಕೆ. ನಡುವಿನ ಧ್ವನಿಯನ್ನು ಕೇಳಿದ್ದರೂ ಅವನು ಎರಡರಲ್ಲೊಂದನ್ನು ಬರೆಯಲೇಬೇಕಿತ್ತು. ಆ ಮೆಟ್ಟಿಲು ಬರಹದಲ್ಲಿ ಉಳಿದಿರುವುದು ಜಪಾನೀ ಭಾಷೆಯಲ್ಲಿ. ಅಲ್ಲಿಯೂ ಹಳೆಯ ಪಕಾರ ಇಂದು ಹಕಾರವಾಗಿದೆ. ಕ್ರೈಸ್ತ ಪಾದ್ರಿಗಳು 1592ರಲ್ಲಿ ರೋಮನ್ ಲಿಪಿಯಲ್ಲಿ ಅಚ್ಚುಹಾಕಿಸಿದ ಹೇಕೆ ಕಥನದಲ್ಲಿ ಆ ಹೆಸರಿನ ಮೊದಲ ಅಕ್ಷರ ಇಂದಿನಂತೆ ಎಚ್ ಅಲ್ಲ, ಎಫ್. ತುಟಿಗಳ ನಡುವಿನ ಘರ್ಷಣೆ ಆಗಿನ್ನೂ ಕೇಳಿಸುತ್ತಿತ್ತು. ಉಕಾರದ ಮುಂದೆ ಅದು ಇಂದಿಗೂ ಕೇಳಿಸುತ್ತದೆ. ದ್ವಿತ್ವ ಮಾತ್ರ ಅಲ್ಲಿಯೂ ಉಳಿಯಿತು: ದೇಶದ ಹೆಸರು ನಿಹೊನ್ ಎಂದೂ ಇದೆ, ನಿಪ್ಪೊನ್ ಎಂದೂ ಇದೆ. ಸಂಬಂಧವೇ ಇಲ್ಲದ ಎರಡು ಭಾಷೆಗಳು ಒಂದೇ ಸ್ಥಾನದಲ್ಲಿ ಪಕಾರವನ್ನು ಕಳೆದು ಒಂದೇ ಸ್ಥಾನದಲ್ಲಿ ಕಾಯ್ದುಕೊಂಡಿರುವುದರಿಂದ, ಕನ್ನಡದ ನಡುಮೆಟ್ಟಿಲನ್ನು ಊಹಿಸಲು ಬಲವಾದ ಆಧಾರ ದೊರೆಯುತ್ತದೆ.

ಕೊನೆಯ ಮೆಟ್ಟಿಲು ಆಡುಮಾತಿನಲ್ಲಿದೆ. ಹಳೆ ಮೈಸೂರು ಸೀಮೆಯ ಹಳ್ಳಿಗಳ ಮಾತಿನಲ್ಲಿ ಹಾಲು ಆಲಾಗುತ್ತದೆ, ಹತ್ತು ಅತ್ತಾಗುತ್ತದೆ. ಇದನ್ನು ಅಶುದ್ಧವೆಂದು ನಗುವುದುಂಟು. ಆದರೆ ಪಾಲು ಹಾಲಾದುದಕ್ಕೂ ಹಾಲು ಆಲಾದುದಕ್ಕೂ ದಿಕ್ಕು ಒಂದೇ. ಮೊದಲನೆಯದನ್ನು ಬರಹ ಒಪ್ಪಿಕೊಂಡಿದೆ, ಎರಡನೆಯದನ್ನು ಒಪ್ಪಿಲ್ಲ, ಅಷ್ಟೇ. ಲ್ಯಾಟಿನ್ನಿನ ಫರೀನ, ಅಂದರೆ ಹಿಟ್ಟು, ಸ್ಪ್ಯಾನಿಷ್ ಮಾತಿನಲ್ಲಿ ಅರೀನ ಆಗಿದೆ. ಅದರ ಹಕಾರ ಕಾಗದದ ಮೇಲೆ ಮಾತ್ರ ಉಳಿದಿದೆ. ಕನ್ನಡದಲ್ಲಿ ಹಕಾರ ಹೀಗೆ ಕಳೆದುಹೋಗುತ್ತಿರುವುದು ಮೊದಲ ಸಲವೂ ಅಲ್ಲ. ಸಂಸ್ಕೃತದ ಹಂಸ ಹಳಗನ್ನಡದಲ್ಲಿ ಅಂಚೆಯಾಗಿತ್ತು. ಪಕಾರದಿಂದ ಹೊಸ ಹಕಾರ ಹುಟ್ಟುವ ಮುನ್ನ ಆ ಧ್ವನಿ ಕನ್ನಡದ ಬಾಯಿಗೆ ಪರಕೀಯವಾಗಿತ್ತು.

ಇಷ್ಟರಿಂದ ಕನ್ನಡದ ತುಟಿಗಳು ಸದಾ ಸಡಿಲಗೊಳ್ಳುತ್ತಲೇ ಬಂದಿವೆ ಎಂದು ತೀರ್ಮಾನಿಸುವಂತಿಲ್ಲ. ತಮಿಳಿನ ವಾಯ್, ವೇರ್, ವಿಲ್ ಎಂಬ ಪದಗಳಿಗೆ ಕನ್ನಡದಲ್ಲಿ ಬಾಯ್, ಬೇರ್, ಬಿಲ್ ಎಂಬ ರೂಪಗಳಿವೆ. ತೆಲುಗಿನಲ್ಲಿಯೂ ವಿಲ್ಲು, ವೇರು ಎಂದೇ ಇದೆ. ಮೂಲದ್ರಾವಿಡದಲ್ಲಿ ಪದಾದಿಯ ಘೋಷಸ್ಪರ್ಶಗಳು ಇರಲಿಲ್ಲವಾದ್ದರಿಂದ ಇಲ್ಲಿ ಮೂಲ ವಕಾರವೇ. ಕನ್ನಡವು ಪದಾದಿಯಲ್ಲಿ ತುಟಿಗಳನ್ನು ಪೂರ್ಣವಾಗಿ ಮುಚ್ಚಿ ಅದನ್ನು ಬಕಾರವಾಗಿಸಿತು. ಇದು ಸ್ಪಷ್ಟವಾದ ಪ್ರಬಲೀಕರಣ. ಅದೇ ತುಟಿಗಳು, ಅದೇ ಪದಾದಿ ಸ್ಥಾನ; ವಕಾರ ಮೇಲೇರಿತು, ಶತಮಾನಗಳ ಬಳಿಕ ಪಕಾರ ಕೆಳಗಿಳಿಯಿತು.

ಹಳಗನ್ನಡ ವ್ಯಾಕರಣವನ್ನು ಓದುವವರು ಎಚ್ಚರದಿಂದಿರಬೇಕಾದುದು ಇಲ್ಲಿಯೇ. ಸುಮಾರು 1260ರ ಕೇಶಿರಾಜನ ಶಬ್ದಮಣಿದರ್ಪಣದಲ್ಲಿ ಪಕಾರ, ಬಕಾರ, ಮಕಾರಗಳಿಗೆ ಸಂಧಿಯಲ್ಲಿ ವಕಾರವು ಆದೇಶವಾಗಿ ಬರುತ್ತದೆ. ನೀರ್ ಮತ್ತು ಪನಿ ಸೇರಿ ನೀರ್ವನಿ; ಕಡು ಮತ್ತು ಬೆಳ್ಪು ಸೇರಿ ಕಡುವೆಳ್ಪು. ತನ್ನ ಕಾಲದ ಕಾವ್ಯಭಾಷೆಯನ್ನು ವಿವರಿಸಲು ಈ ಸೂತ್ರ ಸಮರ್ಪಕ. ಆದರೆ ಇತಿಹಾಸದ ದೃಷ್ಟಿಯಲ್ಲಿ ಈ ಎರಡು ಉದಾಹರಣೆಗಳು ಒಂದೇ ಬಗೆಯವಲ್ಲ. ನೀರ್ವನಿಯಲ್ಲಿ ಪಕಾರ ನಿಜವಾಗಿಯೂ ದುರ್ಬಲವಾಗಿ ವಕಾರವಾಗಿದೆ. ಕಡುವೆಳ್ಪಿನಲ್ಲಿ ಯಾವುದೂ ದುರ್ಬಲವಾಗಿಲ್ಲ. ಬಿಳುಪನ್ನು ಹೇಳುವ ಮೂಲಧಾತು ವೆಳ್. ತಮಿಳಿನಲ್ಲಿ ಅದು ಹಾಗೆಯೇ ಇದೆ. ಪದಾದಿಯಲ್ಲಿ ಅದು ಬೆಳ್ ಆಗಿ ಬಿಗಿದುಕೊಂಡಿತು, ಸಮಾಸದ ಒಳಗೆ ಹಳೆಯ ವಕಾರವೇ ಉಳಿಯಿತು. ಬಕಾರ ವಕಾರವಾಯಿತೆಂದು ಸೂತ್ರ ಹೇಳಿದರೆ, ವಕಾರ ಬಕಾರವಾಯಿತೆಂದು ಇತಿಹಾಸ ಹೇಳುತ್ತದೆ. ಈ ಭೇದವನ್ನು ಕಾಣಿಸುವುದು ಸೋದರಭಾಷೆಗಳ ಹೋಲಿಕೆ. ಸೂತ್ರವೊಂದನ್ನೇ ಎಷ್ಟು ಸೂಕ್ಷ್ಮವಾಗಿ ಓದಿದರೂ ಅದು ಕಾಣದು.

ಕಾಲನಿರ್ಣಯಕ್ಕೂ ಇಂಥದೇ ಎಚ್ಚರ ಬೇಕು. ಪಾಲು, ಹಾಲು ಎರಡಕ್ಕೂ ಮಾತ್ರೆಗಳು ಸಮ. ಪ್ರತಿಕಾರನು ಪಕಾರದ ಎಡೆಯಲ್ಲಿ ತನಗೆ ಪರಿಚಿತವಾದ ಹಕಾರವನ್ನು ಬರೆದರೂ, ಹಳಮೆಯ ಮೋಹದಿಂದ ಹಕಾರವನ್ನು ಪಕಾರಕ್ಕೆ ತಿರುಗಿಸಿದರೂ, ಮಾತ್ರೆಯ ಲೆಕ್ಕ ತಪ್ಪುವುದಿಲ್ಲ. ತಿದ್ದುಪಡಿಯ ಗುರುತೂ ಉಳಿಯುವುದಿಲ್ಲ. ಹನ್ನೆರಡನೆಯ ಶತಮಾನದ ವಚನಗಳಲ್ಲಿ ಇಂದು ಓದುವ ಹಕಾರಗಳು ಆ ಶತಮಾನದ ಉಚ್ಚಾರಣೆಗೆ ತಾವಾಗಿಯೇ ಸಾಕ್ಷಿಯಾಗಲಾರವು, ಏಕೆಂದರೆ ಅವುಗಳ ಓಲೆಪ್ರತಿಗಳು ಬಹಳ ಈಚಿನವು. ಕಾಲ ತಿಳಿದಿರುವ ಕಲ್ಲಿನ ಮೇಲೆ ಒಮ್ಮೆ ಕೊರೆದ ಅಕ್ಷರಕ್ಕೆ ಈ ತೊಡಕಿಲ್ಲ. ಆದ್ದರಿಂದ ಪಕಾರದ ಇಳಿಕೆಗೆ ಕಾಲವನ್ನು ಕೊಡಬಲ್ಲದ್ದು ಶಾಸನ, ದಿಕ್ಕನ್ನು ಕೊಡಬಲ್ಲದ್ದು ಸೋದರಭಾಷೆಗಳ ಹೋಲಿಕೆ. ಬದಲಾವಣೆಗಳ ಪೌರ್ವಾಪರ್ಯವನ್ನು ಕೊಡಬಲ್ಲದ್ದು ಇಪ್ಪತ್ತು, ಮೂವತ್ತು, ಎಂಬತ್ತುಗಳಂಥ ಹಳೆಯ ಸಮಾಸಗಳು. ಹತ್ತು ಹಕಾರವಾಗುವ ಮುನ್ನವೇ ಅವು ಕೂಡಿಕೊಂಡಿದ್ದವು.